ತಲೆ ವಾಲುತ್ತಿತ್ತು, ದೋಷ ಇದ್ದದ್ದು ಕೈಯಲ್ಲಿ: ಫೋಟೊ ನೋಡಿ ಸ್ಟ್ಯಾನ್ಸ್ ಮತ್ತು ಗ್ರಿಪ್ ತಿದ್ದಿದ ದಾಖಲೆ

ಅಕ್ಕನ ಮಗಳಿಗೆ ಹನ್ನೊಂದು ವರ್ಷ. ಕ್ರಿಕೆಟ್ ಆಡುತ್ತಾಳೆ, ಬಲಗೈ ಬ್ಯಾಟಿಂಗ್, ಎತ್ತರ 4 ಅಡಿ 8 ಅಂಗುಲ. ಅವರಿರುವುದು ದಾವಣಗೆರೆಯಲ್ಲಿ, ನಾನು ಮೈಸೂರಿನಲ್ಲಿ. ಇಲ್ಲಿ ವಾರಾಂತ್ಯಗಳಲ್ಲಿ ಮಕ್ಕಳಿಗೆ ನೆಟ್ಸ್ ನೋಡಿಕೊಳ್ಳುತ್ತೇನೆ. ಅವಳ ತೊಂದರೆ ಹೀಗಿತ್ತು: ನೇರಕ್ಕೆ ಹೊಡೆಯಲು ಹೋದ ಡ್ರೈವ್ ಎಲ್ಲ ಮಿಡ್ ಆನ್, ಮಿಡ್ ವಿಕೆಟ್ ಕಡೆಗೆ ತಿರುಗುತ್ತಿತ್ತು. ಕೆಲವು ಬ್ಯಾಟಿನ ಅಂಚಿಗೆ ತಾಗಿ ಕವರ್ಸ್ ಕಡೆಗೆ ಗಾಳಿಯಲ್ಲಿ ಏಳುತ್ತಿದ್ದವು. ನೋಡಿದವರೆಲ್ಲ ಅವಳಿಗೆ ಹೇಳಿದ್ದು ಒಂದೇ ಮಾತು, "ತಲೆ ಬೀಳ್ತಿದೆ, ತಲೆ ನೇರ ಇಡು." ಅವಳು ಇಡುತ್ತಿದ್ದಳು. ಎರಡು ಚೆಂಡು ಕಳೆಯುವಷ್ಟರಲ್ಲಿ ತಲೆ ಮತ್ತೆ ವಾಲುತ್ತಿತ್ತು.

ಅಕ್ಕ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದಳು. "ನೋಡೋ, ಏನು ತಪ್ಪಿದೆ ಅಂತ ಹೇಳು." ಆ ಒಂದು ಫೋಟೊದಿಂದ ಶುರುವಾದ ಕೆಲಸವನ್ನು ಮಾಡಿದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ. ದೂರದಲ್ಲಿರುವ ಮಗುವಿನ ಸ್ಟ್ಯಾನ್ಸ್ ನೋಡಬೇಕಾದ ಮಾವಂದಿರಿಗೂ ಅಪ್ಪ ಅಮ್ಮಂದಿರಿಗೂ ಇದು ಉಪಯೋಗಕ್ಕೆ ಬರಬಹುದು.

ಬೇಕಾದ ಸಾಮಾನು: ಒಂದು ಫೋನು, ಮೂರು ಸ್ಟಂಪು, ಟೇಲರ್ ಟೇಪು, ಹಳದಿ ಇನ್ಸುಲೇಷನ್ ಟೇಪು, ಒಂದು ಸ್ಕೆಚ್ ಪೆನ್ನು, ಅಡುಗೆಮನೆಯ ತೂಕದ ಯಂತ್ರ. ಹೊಸದಾಗಿ ಕೊಂಡದ್ದು ಹಳದಿ ಟೇಪು ಮತ್ತು ಪೆನ್ನು ಮಾತ್ರ, ಎರಡೂ ಸೇರಿ ಐವತ್ತು ರೂಪಾಯಿಯೊಳಗೆ ಬಂತು. ಬ್ಯಾಟು, ಗ್ಲೌಸಿನ ಖರ್ಚು ಆಮೇಲೆ ಬರುತ್ತದೆ.

ಹಂತ 1: ಮೊದಲ ಫೋಟೊ ಯಾಕೆ ಕೆಲಸಕ್ಕೆ ಬರಲಿಲ್ಲ

ಅಕ್ಕ ನಿಂತುಕೊಂಡೇ ತನ್ನ ಕಣ್ಣಿನ ಎತ್ತರದಿಂದ, ಆರೇಳು ಅಡಿ ದೂರದಲ್ಲಿ, ಕವರ್ಸ್ ಮತ್ತು ಬೌಲರ್ ನಡುವಿನ ಯಾವುದೋ ಮೂಲೆಯಿಂದ ಫೋಟೊ ತೆಗೆದಿದ್ದಳು. ನೋಡಿದ ತಕ್ಷಣ ತಲೆ ಪಾದಗಳಿಗಿಂತ ಮುಂದೆ ಚಾಚಿಕೊಂಡಂತೆ ಕಾಣುತ್ತದೆ. ಆದರೆ ಎತ್ತರದಿಂದ, ಹತ್ತಿರದಿಂದ ತೆಗೆದ ಫೋಟೊದಲ್ಲಿ ನೆಟ್ಟಗೆ ನಿಂತ ಮಗುವಿನ ತಲೆಯೂ ಹಾಗೇ ಕಾಣುತ್ತದೆ. ಕ್ಯಾಮೆರಾಕ್ಕೆ ಹತ್ತಿರವಿರುವ ತಲೆ ದೊಡ್ಡದಾಗುತ್ತದೆ, ಕಾಲು ಗಿಡ್ಡವಾಗುತ್ತದೆ, ಕೈ ಇರುವುದಕ್ಕಿಂತ ಕೆಳಗೆ ಇದ್ದಂತೆ ತೋರುತ್ತದೆ. ಫೋನಿನ ಮಾಮೂಲಿ ಲೆನ್ಸ್ ಅಗಲ ನೋಟದ್ದಾದ್ದರಿಂದ ಹತ್ತಿರ ಹೋದಷ್ಟೂ ಈ ಮೋಸ ಹೆಚ್ಚು.

ಮೂಲೆಯಿಂದ ತೆಗೆದದ್ದು ಇನ್ನೊಂದು ತೊಡಕು. ಬಲಗೈ ಬ್ಯಾಟರ್ ಪಾಯಿಂಟ್ ಕಡೆಗೆ ಎದೆ ಮಾಡಿ ನಿಲ್ಲುತ್ತಾಳೆ, ಎರಡು ಪಾದಗಳ ನಡುವಿನ ಅಂತರ ಪಿಚ್‌ನ ಉದ್ದಕ್ಕೆ ಇರುತ್ತದೆ. ಹಾಗಾಗಿ ಕಾಲಿನ ಅಗಲ ಕಾಣುವುದು ಪಾಯಿಂಟ್ ಕಡೆಯಿಂದ ಮಾತ್ರ. ತಲೆ ಆಫ್ ಸೈಡಿಗೆ ಬೀಳುತ್ತಿದೆಯೋ ಇಲ್ಲವೋ ಎಂಬುದು ಬೌಲರ್ ಕಡೆಯಿಂದ ಮಾತ್ರ ಕಾಣುತ್ತದೆ. ಮೂಲೆಯಿಂದ ನೋಡಿದರೆ ಎರಡೂ ಅರೆಬರೆ. ಈ ಫೋಟೊ ಇಟ್ಟುಕೊಂಡು ಯಾವ ಸಲಹೆಯನ್ನೂ ಕೊಡಲಿಲ್ಲ.

ಹಂತ 2: ಮತ್ತೆ ಫೋಟೊ, ಈ ಸಲ ಮೂರು ಕಡೆಯಿಂದ

ಅಕ್ಕನಿಗೆ ಫೋನಿನಲ್ಲೇ ಹೇಳಿ ಮಾಡಿಸಿದ್ದು ಇದು. ಸ್ಟಂಪು ನೆಟ್ಟಗೆ ಹೂಡಬೇಕು. ಮಗಳು ಪಾಪಿಂಗ್ ಕ್ರೀಸಿನ ಹತ್ತಿರ ಎಂದಿನಂತೆ ಗಾರ್ಡ್ ತೆಗೆದುಕೊಂಡು ನಿಲ್ಲಬೇಕು. ಫೋನು ಅವಳ ಸೊಂಟದ ಎತ್ತರಕ್ಕೆ ಇರಬೇಕು, ಬೇಕಾದರೆ ಇಟ್ಟಿಗೆ ಪೇರಿಸಿ ಅದರ ಮೇಲೆ ಇಡಬಹುದು. ಐದಾರು ಮೀಟರ್ ಹಿಂದಕ್ಕೆ ಹೋಗಿ 2x ಒತ್ತಬೇಕು. ಕ್ಯಾಮೆರಾದ ಗ್ರಿಡ್ ಗೆರೆಗಳು ಆನ್ ಆಗಿರಬೇಕು.

ಮೊದಲ ಫೋಟೊ ಬೌಲರ್ ಕಡೆಯಿಂದ, ಮಧ್ಯದ ಸ್ಟಂಪಿನ ನೇರಕ್ಕೆ. ಎರಡನೆಯದು ಪಾಯಿಂಟ್‌ನಿಂದ, ಸ್ಟಂಪು ಮತ್ತು ಮಗು ಎರಡೂ ಚೌಕಟ್ಟಿನೊಳಗೆ ಬರುವಂತೆ. ಮೂರನೆಯದು ಗಲ್ಲಿ ಫೀಲ್ಡರ್ ನಿಲ್ಲುವ ದಿಕ್ಕಿನಿಂದ, ಕೈಗಳು ಮಾತ್ರ ತುಂಬಿಕೊಳ್ಳುವಂತೆ, ಗ್ಲೌಸ್ ಇಲ್ಲದೆ. ಗ್ಲೌಸ್ ಹಾಕಿದ ಕೈಯಲ್ಲಿ ಗ್ರಿಪ್ ನೋಡುವುದು ಹೆಚ್ಚುಕಡಿಮೆ ಅಸಾಧ್ಯ, ಹೆಬ್ಬೆರಳು ತೋರುಬೆರಳು ಸೇರುವ ಜಾಗವನ್ನೇ ಅದು ಮುಚ್ಚಿಬಿಡುತ್ತದೆ.

ಇನ್ನೊಂದು ಮಾತನ್ನೂ ಹೇಳಿದ್ದೆ. ಫೋಟೊಗೆ ಅಂತ ನಿಂತರೆ ಮಕ್ಕಳು ಬಿಗಿದುಕೊಳ್ಳುತ್ತಾರೆ, ಟೀವಿಯಲ್ಲಿ ನೋಡಿದವರಂತೆ ನಿಲ್ಲುತ್ತಾರೆ. ಅದಕ್ಕೆ ಬೌಲರ್ ಕಡೆಯ ಫೋಟೊವನ್ನು ನಿಲ್ಲಿಸಿ ತೆಗೆಯದೆ, ಭಾವ ಟೆನಿಸ್ ಬಾಲ್ ಎಸೆಯುವಾಗ ವಿಡಿಯೊ ಮಾಡಿ, ಚೆಂಡು ಕೈಬಿಡುವ ಕ್ಷಣದಲ್ಲಿ ತಡೆದು ಆ ಚಿತ್ರವನ್ನು ಉಳಿಸಿಕೊಂಡೆವು. ಭಾವ ಸ್ವಲ್ಪ ಬದಿಗೆ ನಿಂತು ಎಸೆದರು, ಫೋನು ಸ್ಟಂಪಿನ ನೇರದಲ್ಲೇ ಇತ್ತು.

ಹಂತ 3: ಮಗುವನ್ನು ಅಳೆಯುವ ಮೊದಲು ಫೋಟೊವನ್ನು ನೇರ ಮಾಡುವುದು

ಇದನ್ನು ಬಹಳ ಜನ ಬಿಡುತ್ತಾರೆ. ಫೋನು ಒಂದಿಷ್ಟು ಓರೆಯಾದರೂ ಕಣ್ಣಿನ ಸಾಲು ಓರೆಯಾಗಿ ಕಾಣುತ್ತದೆ. ಆಮೇಲೆ ಆ ಓರೆಯನ್ನು ಮಗುವಿನ ಕುತ್ತಿಗೆಗೆ ಕಟ್ಟುತ್ತಾರೆ. ಹಾಗಾಗದಂತೆ ಸ್ಟಂಪನ್ನೇ ತೂಗುಗುಂಡಿನ ಬದಲಿಗೆ ಬಳಸಿಕೊಳ್ಳಬಹುದು.

ಫೋಟೊ ಎಡಿಟ್‌ನಲ್ಲಿ ಕ್ರಾಪ್ ಒತ್ತಿದರೆ ಚಿತ್ರವನ್ನು ತಿರುಗಿಸುವ ಪಟ್ಟಿ ಬರುತ್ತದೆ, ಅದರಲ್ಲಿ ಡಿಗ್ರಿ ಅಂಕೆಯೂ ಕಾಣುತ್ತದೆ. ಬೌಲರ್ ಕಡೆಯ ಫೋಟೊದಲ್ಲಿ ಮಧ್ಯದ ಸ್ಟಂಪು ಗ್ರಿಡ್ ಗೆರೆಗೆ ಸಮನಾಗುವವರೆಗೆ ತಿರುಗಿಸಿದೆ. 3 ಡಿಗ್ರಿ ತೋರಿಸಿತು. ಅಂದರೆ ಫೋನೇ ಅಷ್ಟು ವಾಲಿತ್ತು. ಹಿಂದಿನ ಕಟ್ಟಡದ ಗೋಡೆಯ ಅಂಚೂ ಅದೇ ತಿರುವಿನಲ್ಲಿ ನೆಟ್ಟಗಾಯಿತು, ಹಾಗಾಗಿ ಸ್ಟಂಪು ಓರೆಯಾಗಿ ಹೂಡಿದ್ದಲ್ಲ ಎಂದು ಖಾತ್ರಿಯಾಯಿತು. ತಿರುಗಿಸುವುದನ್ನು ಅದೇ ದಿಕ್ಕಿನಲ್ಲಿ ಮುಂದುವರಿಸಿ, ಹೆಲ್ಮೆಟ್ಟಿನ ಜಾಲರಿಯೊಳಗೆ ಕಾಣುವ ಎರಡು ಕಣ್ಣು ಅಡ್ಡಗೆರೆಗೆ ಸಮನಾದಾಗ ನಿಲ್ಲಿಸಿದೆ. 8 ಡಿಗ್ರಿ. ಫೋನಿನ 3 ಕಳೆದರೆ ಅವಳ ತಲೆ ನಿಜವಾಗಿ ವಾಲಿರುವುದು 5 ಡಿಗ್ರಿ.

ಐದು ಎನ್ನುವುದು ಸಣ್ಣದಲ್ಲ, ಆದರೆ ಎಲ್ಲರೂ ಗಾಬರಿಯಾಗುವಷ್ಟು ದೊಡ್ಡದೂ ಅಲ್ಲ. ಈ ಅಂಕೆಯನ್ನು ಅಷ್ಟು ನಿಖರ ಎಂದುಕೊಳ್ಳಬಾರದು, ಒಂದೆರಡು ಡಿಗ್ರಿ ಆಚೀಚೆ ಆಗಿಯೇ ಆಗುತ್ತದೆ. ಅದೇ ಜಾಗದಿಂದ, ಅದೇ ಎತ್ತರದಿಂದ ಮುಂದಿನ ಸಲ ತೆಗೆದ ಫೋಟೊದೊಂದಿಗೆ ಹೋಲಿಸಲು ಮಾತ್ರ ಅದು ಬೇಕು.

ನೇರ ಮಾಡಿದ ಚಿತ್ರದಲ್ಲಿ ಮೂಗಿನ ತುದಿಯಿಂದ ಕೆಳಕ್ಕೆ ಒಂದು ಗೆರೆ ಎಳೆದೆ. ಅದು ಶೂ ತುದಿಯ ಆಸುಪಾಸಿನಲ್ಲಿ ಬೀಳಬೇಕು. ಅವಳದ್ದು ಶೂವನ್ನು ದಾಟಿ ಆಫ್ ಸೈಡಿಗೆ ಸುಮಾರು ಮೂರು ಬೆರಳಷ್ಟು ಆಚೆ ಬಿತ್ತು. ಸೊಂಟದಿಂದ ಮೇಲೆ ಇಡೀ ದೇಹವೇ ಮುಂದಕ್ಕೆ ಬಗ್ಗಿತ್ತು. ಕುತ್ತಿಗೆ ಮಾತ್ರ ವಾಲಿದ್ದರೆ ಬೇರೆ ಮಾತು, ಇದು ಬೆನ್ನಿನಿಂದಲೇ ಬಂದ ಬಾಗು. "ತಲೆ ನೇರ ಇಡು" ಎಂಬ ಮಾತು ಎರಡೇ ಚೆಂಡು ನಿಲ್ಲುತ್ತಿದ್ದುದು ಇದಕ್ಕೇ. ಬೆನ್ನು ಬಗ್ಗಿಯೇ ಇರುವಾಗ ಕುತ್ತಿಗೆಯನ್ನು ಎಷ್ಟು ಹೊತ್ತು ಎತ್ತಿ ಹಿಡಿಯಲು ಆಗುತ್ತದೆ? ಯಾಕೆ ಬಗ್ಗುತ್ತಿದ್ದಾಳೆ ಎಂಬುದಕ್ಕೆ ಈ ಫೋಟೊದಲ್ಲಿ ಉತ್ತರ ಇರಲಿಲ್ಲ.

ಹಂತ 4: ಪಾಯಿಂಟ್ ಕಡೆಯ ಫೋಟೊ

ಇಲ್ಲಿ ಅಳತೆ ಸುಲಭ. ನಿಯಮದ ಪ್ರಕಾರ ಸ್ಟಂಪಿನ ಎತ್ತರ ನೆಲದಿಂದ 28 ಅಂಗುಲ. ಅಕ್ಕನಿಂದ ಟೇಪು ಹಿಡಿಸಿ ಅಷ್ಟೇ ಇದೆ ಎಂದು ನೋಡಿಕೊಂಡೆ, ಕೆಲವು ಮಕ್ಕಳ ಸೆಟ್ಟು ಗಿಡ್ಡ ಇರುತ್ತವೆ. ಲ್ಯಾಪ್‌ಟಾಪ್ ಪರದೆಯಲ್ಲಿ ಸ್ಟಂಪು 14 ಸೆಂಟಿಮೀಟರ್ ಆಗುವಂತೆ ಚಿತ್ರ ಹಿಗ್ಗಿಸಿದೆ. ಆಗ ಪರದೆಯ ಮೇಲಿನ ಒಂದು ಸೆಂಟಿಮೀಟರ್ ಎಂದರೆ ಎರಡು ಅಂಗುಲ.

ಪಾದಗಳ ನಡುವೆ, ನಡುವಿನಿಂದ ನಡುವಿಗೆ ಆರೂವರೆ ಸೆಂಟಿಮೀಟರ್, ಅಂದರೆ 13 ಅಂಗುಲ. ಅವಳ ಭುಜದ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಮಂಡಿ ಸ್ವಲ್ಪ ಸಡಿಲ, ಹಿಮ್ಮಡಿ ಎತ್ತಿಲ್ಲ. ಕಾಲಿಗೆ ಕೈ ಹಾಕುವ ಅಗತ್ಯವಿರಲಿಲ್ಲ. ಯಾರೋ "ಕಾಲು ಅಗಲಿಸು" ಎಂದು ಹೇಳಿದ್ದರಂತೆ, ಅದನ್ನು ಮರೆತುಬಿಡು ಎಂದೆ. ಸರಿ ಇರುವುದನ್ನು ತಿದ್ದಲು ಹೋದರೆ ಮಗುವಿನ ತಲೆಯಲ್ಲಿ ಯೋಚಿಸುವ ಸಂಗತಿ ಒಂದು ಹೆಚ್ಚುತ್ತದೆ ಅಷ್ಟೇ.

ಕೈಗಳ ಹತ್ತಿರ ಬಂದಾಗ ಚಿತ್ರ ಬೇರೆಯಾಯಿತು. ಮೇಲಿನ ಕೈಯ ಮೇಲೆ ಹ್ಯಾಂಡಲ್ ಒಂದೂವರೆ ಸೆಂಟಿಮೀಟರ್ ಉಳಿದಿತ್ತು, ಅಂದರೆ ಮೂರು ಅಂಗುಲ ಖಾಲಿ. ಕೆಳಗಿನ ಕೈಯ ತೋರುಬೆರಳು ಬ್ಯಾಟಿನ ಹೆಗಲಿಗೆ ತಾಗಿತ್ತು. ಎರಡು ಕೈಗಳ ನಡುವೆ ಎರಡು ಬೆರಳು ತೂರುವಷ್ಟು ಸಂದು. ಬಲಭುಜ ಎಡಭುಜಕ್ಕಿಂತ ಚೆನ್ನಾಗಿ ಕೆಳಗಿತ್ತು.

ಬಗ್ಗುವುದಕ್ಕೆ ಕಾರಣ ಇಲ್ಲಿತ್ತು. ಬ್ಯಾಟು ನೆಲಕ್ಕೆ ತಾಗಬೇಕು, ಕೈ ಹ್ಯಾಂಡಲಿನ ಬುಡದಲ್ಲಿದೆ. ಕೈಯನ್ನು ಅಷ್ಟು ಕೆಳಗೆ ಇಳಿಸಬೇಕಾದರೆ ಬೆನ್ನು ಬಗ್ಗಲೇಬೇಕು. ಬೆನ್ನು ಬಗ್ಗಿದರೆ ತಲೆ ಶೂ ದಾಟಿ ಆಚೆ ಹೋಗುತ್ತದೆ.

ಹಂತ 5: ಕೈಗಳ ಫೋಟೊ

ಹೆಬ್ಬೆರಳು ತೋರುಬೆರಳು ಸೇರುವಲ್ಲಿ ಇಂಗ್ಲಿಷ್ 'ವಿ' ಅಕ್ಷರದ ಆಕಾರ ಬರುತ್ತದೆ. ಎರಡೂ ಕೈಗಳ 'ವಿ' ಒಂದೇ ಸಾಲಿನಲ್ಲಿರಬೇಕು. ಆ ಸಾಲು ಬ್ಯಾಟಿನ ಹಿಂಬದಿಯಲ್ಲಿ, ನಡುವಿನ ಉಬ್ಬಿಗೂ ಹೊರಅಂಚಿಗೂ ಮಧ್ಯದಲ್ಲಿ ಇಳಿಯಬೇಕು. ಸಾಮಾನ್ಯ ಗ್ರಿಪ್ ಇದು.

ಬರಿಗಣ್ಣಿಗೆ ಫೋಟೊದಲ್ಲಿ ಇದು ಸರಿಯಾಗಿ ತಿಳಿಯುವುದಿಲ್ಲ, ಸಣ್ಣ ಕೈ, ನೆರಳು ಬೇರೆ. ಅದಕ್ಕೆ ಎರಡು ಗುರುತು ಮಾಡಿಸಿದೆ. ಒಂದು, ಎರಡೂ ಕೈಗಳ 'ವಿ' ಬುಡದಲ್ಲಿ ಸ್ಕೆಚ್ ಪೆನ್ನಿನಿಂದ ಒಂದು ಅಂಗುಲದ ಗೆರೆ. ಎರಡು, ಹ್ಯಾಂಡಲಿನ ಹಿಂಬದಿಯಲ್ಲಿ ಉಬ್ಬಿಗೂ ಹೊರಅಂಚಿಗೂ ನಡುವಿನ ಜಾಗಕ್ಕೆ ನೇರವಾಗಿ, ಮೇಲಿಂದ ಕೆಳಗಿನವರೆಗೆ ಹಳದಿ ಟೇಪಿನ ಸಣ್ಣ ಪಟ್ಟಿ. ಟೇಪನ್ನು ಉದ್ದಕ್ಕೆ ಸೀಳಿ ಅರ್ಧ ಸೆಂಟಿಮೀಟರ್ ಅಗಲ ಮಾಡಿಕೊಂಡರೆ ಸಾಕು, ದಪ್ಪ ಪಟ್ಟಿ ಕೈಗೆ ಎಡವುತ್ತದೆ.

ಫೋಟೊ ಬಂತು. ಮೇಲಿನ ಕೈಯ ಗೆರೆ ಹಳದಿ ಪಟ್ಟಿಯ ಮೇಲೆ ಚೊಕ್ಕವಾಗಿ ಕೂತಿತ್ತು. ಕೆಳಗಿನ ಕೈಯ ಗೆರೆ ಪಟ್ಟಿಯ ಹತ್ತಿರವೂ ಇರಲಿಲ್ಲ. ಉಬ್ಬಿನ ಸಾಲನ್ನೂ ದಾಟಿ ಒಳಅಂಚಿನ ಕಡೆಗೆ, ಅಂದರೆ ಅವಳ ಕಾಲಿನ ಕಡೆಗೆ ಜಾರಿತ್ತು. ಬಲ ಅಂಗೈ ಹ್ಯಾಂಡಲಿನ ಅಡಿಗೆ ಹೋಗಿ, ಭಾರವನ್ನು ಕೆಳಗಿನಿಂದ ಎತ್ತುವ ಹಾಗೆ ಹಿಡಿದಿತ್ತು.

ಹೀಗೆ ಹಿಡಿದರೆ ಏನಾಗುತ್ತದೆ ಎಂಬುದನ್ನು ಬ್ಯಾಟು ಹಿಡಿದೇ ನೋಡಬಹುದು. ಬಲಗೈಯನ್ನು ಹ್ಯಾಂಡಲಿನ ಅಡಿಗೆ ತಿರುಗಿಸಿ ಹಿಡಿದು ನಿಧಾನವಾಗಿ ನೇರ ಡ್ರೈವ್ ಆಡಿ. ಹೊಡೆಯುವ ಹೊತ್ತಿಗೆ ಕೈ ತನ್ನ ಸಹಜ ಸ್ಥಿತಿಗೆ ಮರಳಲು ನೋಡುತ್ತದೆ, ಜೊತೆಗೆ ಬ್ಯಾಟಿನ ಮುಖವನ್ನೂ ಲೆಗ್ ಸೈಡಿಗೆ ತಿರುಗಿಸುತ್ತದೆ. ಚೆಂಡು ಮುಖಕ್ಕೆ ತಾಗಿದರೆ ಮಿಡ್ ಆನ್ ಕಡೆಗೆ ಹೋಗುತ್ತದೆ. ಮುಖ ಬೇಗ ಮುಚ್ಚಿಕೊಂಡರೆ ಹೊರಅಂಚು ಮುಂದೆ ಬಂದು, ಚೆಂಡು ಅದಕ್ಕೆ ತಾಗಿ ಕವರ್ಸ್ ಕಡೆಗೆ ಮೇಲೇಳುತ್ತದೆ. ಅವಳು ಹೇಳಿದ ಎರಡು ತೊಂದರೆಗೂ ಮೂಲ ಒಂದೇ ಆಯಿತು.

ಹಂತ 6: ಕೈ ಯಾಕೆ ಅಡಿಗೆ ಹೋಯಿತು

"ಬ್ಯಾಟು ಯಾರದ್ದು ಅಕ್ಕ?" ಎಂದು ಕೇಳಿದೆ. ಅವಳ ದೊಡ್ಡಪ್ಪನ ಮಗನದ್ದು. ಸೈಜ್ 6. "ಬೆಳೀತಾಳಲ್ಲ, ಇನ್ನೆರಡು ವರ್ಷ ಬರುತ್ತೆ ಅಂತ ಇಟ್ಕೊಂಡ್ವಿ ಕಣೋ." ಮನೆಮನೆಯಲ್ಲೂ ನಡೆಯುವುದು ಇದೇ, ಬೂಟು ಯೂನಿಫಾರ್ಮಿಗೆ ಈ ಲೆಕ್ಕ ನಡೆಯುತ್ತದೆ. ಬ್ಯಾಟಿಗೆ ನಡೆಯುವುದಿಲ್ಲ.

ಅಳೆಯಿಸಿದೆ. ಉದ್ದ 31¾ ಅಂಗುಲ. ಅಡುಗೆಮನೆಯ ಯಂತ್ರದಲ್ಲಿ ತೂಕ 1,060 ಗ್ರಾಂ. ಸೈಜ್ 6 ಸಾಮಾನ್ಯವಾಗಿ 5 ಅಡಿ 2 ಅಂಗುಲದಿಂದ ಮೇಲಿನವರಿಗೆ. ಅವಳ ಎತ್ತರಕ್ಕೆ ಸೈಜ್ 3 ಇಲ್ಲವೇ 4 ಬೇಕು, ಕಂಪನಿಯಿಂದ ಕಂಪನಿಗೆ ಅರ್ಧ ಅಂಗುಲ ಆಚೀಚೆ ಇರುತ್ತದೆ. ಎತ್ತರಕ್ಕೆ ತಕ್ಕ ಸೈಜಿನ ಪಟ್ಟಿ ಇಲ್ಲದಿದ್ದರೆ ಮನೆಯಲ್ಲೇ ನೋಡುವ ದಾರಿ ಒಂದಿದೆ: ಮಗು ಶೂ ಹಾಕಿ ನೆಟ್ಟಗೆ ನಿಲ್ಲಲಿ, ಬ್ಯಾಟನ್ನು ಕಾಲಿನ ಪಕ್ಕ ನೇರವಾಗಿ ನಿಲ್ಲಿಸಿ. ಹ್ಯಾಂಡಲಿನ ತುದಿ ತೊಡೆಯ ಮೇಲ್ಭಾಗಕ್ಕೆ ಬರಬೇಕು. ಅವಳಿಗೆ ಅದು ಸೊಂಟದ ಮೂಳೆಯನ್ನೂ ದಾಟಿತ್ತು.

ಉದ್ದ ಮತ್ತು ಭಾರದ ಬ್ಯಾಟನ್ನು ಹಿಡಿತಕ್ಕೆ ತರಲು ಮಗು ತಾನಾಗಿಯೇ ಎರಡು ಕೆಲಸ ಮಾಡುತ್ತದೆ. ಕೈಯನ್ನು ಕೆಳಗೆ ಇಳಿಸುತ್ತದೆ, ಬಲಗೈಯನ್ನು ಅಡಿಗೆ ಕೊಟ್ಟು ಎತ್ತುತ್ತದೆ. ಅವಳು ಕೆಟ್ಟ ಅಭ್ಯಾಸ ಕಲಿತದ್ದಲ್ಲ, ಆ ಬ್ಯಾಟನ್ನು ಎತ್ತಲು ಇದ್ದ ಒಂದೇ ದಾರಿ ಹಿಡಿದಿದ್ದಳು.

ಇಲ್ಲಿ ಭಾವ ಒಂದು ಪ್ರಶ್ನೆ ಎತ್ತಿದರು: ಸಚಿನ್ ತೆಂಡೂಲ್ಕರ್ ಕೂಡ ಹ್ಯಾಂಡಲಿನ ಬುಡವನ್ನೇ ಹಿಡಿಯುತ್ತಿದ್ದರಲ್ಲ? ನಿಜ. ಅವರೂ ಚಿಕ್ಕಂದಿನಲ್ಲಿ ಅಣ್ಣನ ದೊಡ್ಡ ಬ್ಯಾಟಿನಲ್ಲಿ ಆಡುತ್ತ ಹಾಗೆ ಹಿಡಿಯುವುದನ್ನು ರೂಢಿಸಿಕೊಂಡವರು. ಬದಲಿಸಿ ನೋಡಿದರೂ ಅವರಿಗೆ ಅದು ಒಗ್ಗಲಿಲ್ಲ. ಹಾಗಾಗಿ ಕೆಳಗೆ ಹಿಡಿಯುವುದೊಂದನ್ನೇ ನೋಡಿ ತಪ್ಪು ಎನ್ನಲಾಗದು. ಅವರ ಬ್ಯಾಟಿನ ಮುಖ ನೇರ ಬರುತ್ತಿತ್ತು, ನೇರ ಡ್ರೈವ್ ಬೌಲರ್ ಪಕ್ಕದಿಂದಲೇ ಹೋಗುತ್ತಿತ್ತು. ಇವಳದ್ದು ಮಿಡ್ ವಿಕೆಟ್‌ಗೆ ಹೋಗುತ್ತಿದೆ. ಫೋಟೊದಲ್ಲಿ ಕಂಡದ್ದು ಮತ್ತು ಚೆಂಡು ಹೋಗುವ ದಿಕ್ಕು ಎರಡೂ ಒಂದೇ ಮಾತು ಹೇಳಿದರೆ ಮಾತ್ರ ತಿದ್ದಬೇಕು. ಫೋಟೊದಲ್ಲಿ ವಿಚಿತ್ರ ಕಂಡರೂ ಚೆಂಡು ಅಂದುಕೊಂಡಲ್ಲಿಗೆ ಹೋಗುತ್ತಿದ್ದರೆ ನಾನು ಕೈ ಹಾಕುವುದಿಲ್ಲ.

ಹಂತ 7: ತಿದ್ದಿದ್ದು

ಮೊದಲು ಬ್ಯಾಟು. ಕೊಳ್ಳುವ ಮುಂಚೆ ಅಕ್ಕಪಕ್ಕದ ಮಕ್ಕಳಿಂದ ಸೈಜ್ 4 ಒಂದನ್ನು ಎರವಲು ತರಿಸಿದೆ. 29¾ ಅಂಗುಲ, 920 ಗ್ರಾಂ. ಸೈಜ್ 3 ಈಗ ಸರಿಯಾಗಿ ಹೊಂದುತ್ತಿತ್ತು, ಆದರೆ ಅವಳು ಸೈಜಿನ ಪಟ್ಟಿಯಲ್ಲಿ 3 ಮತ್ತು 4ರ ಅಂಚಿನಲ್ಲಿದ್ದಾಳೆ, ಈ ತೂಕದ 4 ಅವಳಿಗೆ ಭಾರವೂ ಆಗಲಿಲ್ಲ.

ತೂಕ ಸರಿಯಿದೆಯೇ ಎಂದು ನೋಡಲು ಮೇಲಿನ ಕೈ ಒಂದರಲ್ಲೇ ಬ್ಯಾಟು ಹಿಡಿದು, ಬ್ಯಾಕ್‌ಲಿಫ್ಟ್ ಎತ್ತಿ ನೇರವಾಗಿ ಬೀಸಲು ಹೇಳಿದೆ. ಹಳೆಯ ಬ್ಯಾಟಿನಲ್ಲಿ ಮಣಿಕಟ್ಟು ಕುಸಿದು ಬ್ಯಾಟು ಅಡ್ಡ ಹೋಗುತ್ತಿತ್ತು. ಇದರಲ್ಲಿ ನೇರ ಬಂತು.

ಆಮೇಲೆ ಗ್ರಿಪ್. ಇದಕ್ಕೆ ಕೋಚ್‌ಗಳೆಲ್ಲ ಬಳಸುವ ಹಳೆಯ ವಿಧಾನವೇ ಸಾಕು. ಬ್ಯಾಟಿನ ಮುಖ ನೆಲಕ್ಕೆ ಮಾಡಿ, ಹ್ಯಾಂಡಲ್ ತನ್ನ ಕಡೆಗೆ ಇರುವಂತೆ ಮಲಗಿಸಿ, ಎರಡೂ ಕೈಯಿಂದ ಕೊಡಲಿ ಎತ್ತಿಕೊಳ್ಳುವ ಹಾಗೆ ಎತ್ತುವುದು. ಹೀಗೆ ಎತ್ತಿದರೆ ಎರಡೂ 'ವಿ' ಬ್ಯಾಟಿನ ಹಿಂಬದಿಗೆ ಬಂದು ಕೂರುತ್ತವೆ, ಹಳದಿ ಪಟ್ಟಿಯ ಮೇಲೆ ಹೊಂದಿಸಲು ಸ್ವಲ್ಪ ತಿರುಗಿಸಿದರೆ ಆಯಿತು. ಕೈ ಎರಡೂ ಕೂಡಿಕೊಂಡು ಹ್ಯಾಂಡಲಿನ ನಡುವಿಗೆ ಇರಲಿ, ಮೇಲೆ ಒಂದಿಷ್ಟು ಉಳಿಯಲಿ, ಕೆಳಗೂ ಉಳಿಯಲಿ ಎಂದೆ.

ಬಲಗೈ ಬಿಗಿತ ಇಳಿಸಲು ಟೆನಿಸ್ ಬಾಲಿನಲ್ಲಿ ನೇರ ಡ್ರೈವ್ ಆಡಿಸಿದೆವು. ಮೇಲಿನ ಕೈ ಪೂರ್ತಿ ಹಿಡಿತದಲ್ಲಿ, ಕೆಳಗಿನ ಕೈ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಮಾತ್ರ. ಭಾವ ಎದುರಿನಿಂದ ಒಂದು ಪುಟಿತ ಬೀಳುವಂತೆ ಎಸೆಯುತ್ತಿದ್ದರು. ಬೌಲರ್ ಕಡೆ ಎರಡು ಚಪ್ಪಲಿ ಇಟ್ಟು ಅದರ ನಡುವೆ ಹೋದರೆ ಸರಿ ಎಂದು ಗುರಿ ಮಾಡಿದೆವು. ಮೊದಲು ಹೊಡೆತದಲ್ಲಿ ಬಲವೇ ಇರಲಿಲ್ಲ, ಅವಳಿಗೆ ಬೇಸರವಾಯಿತು. "ಮಾಮ, ಚೆಂಡು ಹೋಗ್ತಾನೇ ಇಲ್ಲ" ಎಂದು ಫೋನಿನಲ್ಲಿ ದೂರಿದಳು. ದೂರ ಹೋಗುವುದು ಬೇಡ, ನೇರ ಹೋಗಲಿ ಎಂದೆ. ಎರಡನೇ ವಾರದ ವಿಡಿಯೊದಲ್ಲಿ ಚೆಂಡು ಚಪ್ಪಲಿಗಳ ನಡುವೆ ಹೋಗತೊಡಗಿತ್ತು.

ತಲೆಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಯಾರೂ ಆಡಕೂಡದು ಎಂದು ಮನೆಯವರಿಗೂ ಹೇಳಿದ್ದೆ. ಕೈ ಸರಿಯಾದರೆ ತಲೆ ತಾನಾಗಿ ಬರುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಹಂತ 8: ಎರಡನೇ ಸುತ್ತಿನ ಫೋಟೊ

ಅದೇ ಜಾಗ, ಅದೇ ಇಟ್ಟಿಗೆ, ಅದೇ 2x. ಬೌಲರ್ ಕಡೆಯ ಚಿತ್ರದಲ್ಲಿ ಸ್ಟಂಪು ನೇರವಾಗಲು 1 ಡಿಗ್ರಿ, ಕಣ್ಣು ಸಮವಾಗಲು 3 ಡಿಗ್ರಿ. ಉಳಿದ ವಾಲು 2. ಮೂಗಿನ ಗೆರೆ ಶೂ ತುದಿಯ ಮೇಲೆಯೇ ಬಿತ್ತು. ಪಾಯಿಂಟ್ ಕಡೆಯಿಂದ ಬೆನ್ನು ಏರಿದ್ದು ಬರಿಗಣ್ಣಿಗೇ ಕಾಣುತ್ತಿತ್ತು, ಬಲಭುಜ ಎಡಭುಜಕ್ಕಿಂತ ಸ್ವಲ್ಪ ಮಾತ್ರ ಕೆಳಗೆ. ಕೆಳಗಿನ ಕೈ ಕೆಳಗಿರುವುದರಿಂದ ಅಷ್ಟು ಇದ್ದೇ ಇರುತ್ತದೆ. ಕೈಗಳ ನಡುವಿನ ಸಂದು ಮುಚ್ಚಿತ್ತು.

ಬರಿಗೈ ಫೋಟೊದಲ್ಲಿ ಎರಡು ಗೆರೆಯೂ ಪಟ್ಟಿಯ ಮೇಲೆ.

ಹಂತ 9: ಗ್ಲೌಸ್ ಹಾಕಿದ ಮೇಲೆ ಮತ್ತೆ ಜಾರಿತು

ಇಷ್ಟಕ್ಕೇ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ನೆಟ್ಸ್‌ನಿಂದ ಬಂದ ವಿಡಿಯೊದಲ್ಲಿ, ಲೆದರ್ ಬಾಲಿಗೆ, ಡ್ರೈವ್ ಮತ್ತೆ ಮಿಡ್ ಆನ್ ಕಡೆಗೆ ಹೋಗುತ್ತಿತ್ತು. ಭಯಕ್ಕೆ ಬಿಗಿ ಹಿಡಿಯುತ್ತಿದ್ದಾಳೆ ಎಂಬುದು ಭಾವನ ಅನುಮಾನ. ಇರಬಹುದಿತ್ತು, ಆದರೆ ಟೆನಿಸ್ ಬಾಲಿಗೂ ಲೆದರ್ ಬಾಲಿಗೂ ನಡುವೆ ಇನ್ನೊಂದು ವ್ಯತ್ಯಾಸವೂ ಇತ್ತು: ಗ್ಲೌಸ್.

ಗ್ಲೌಸಿನ ಮೇಲೂ ಹೆಬ್ಬೆರಳು ತೋರುಬೆರಳು ಸೇರುವ ಹೊಲಿಗೆಯ ಜಾಗದಲ್ಲಿ ಹಳದಿ ಟೇಪಿನ ತುಣುಕು ಅಂಟಿಸಿ, ಗಲ್ಲಿ ಕಡೆಯಿಂದ ಎರಡು ಫೋಟೊ ತೆಗೆಸಿದೆ. ಒಂದು ಓವರ್ ಶುರುವಾಗುವ ಮೊದಲು, ಇನ್ನೊಂದು ಮುಗಿದ ಮೇಲೆ, ಕೈ ಬಿಡದೆ. ಮೊದಲಿನದರಲ್ಲಿ ಎರಡೂ ತುಣುಕು ಸಾಲಿನಲ್ಲಿದ್ದವು. ಎರಡನೆಯದರಲ್ಲಿ ಕೆಳಗಿನ ಕೈಯ ತುಣುಕು ಉಬ್ಬಿನ ಸಾಲಿಗೆ ಸರಿದಿತ್ತು. ಹಿಂದಿನಷ್ಟಲ್ಲ, ಆದರೆ ಸರಿದಿತ್ತು. ಇನ್ನೊಂದು ಸಂಗತಿಯೂ ಕಂಡಿತು: ಗ್ಲೌಸಿನ ಬೆರಳ ತುದಿಗಳು ಖಾಲಿಯಾಗಿ ಮಡಚಿಕೊಂಡಿದ್ದವು. ಒತ್ತಿ ನೋಡಲು ಹೇಳಿದೆ, ಬೆರಳಿನ ಮುಂದೆ ಅರ್ಧ ಅಂಗುಲಕ್ಕೂ ಹೆಚ್ಚು ಪೊಳ್ಳು. ಅದು ಯೂತ್ ಸೈಜು, ಅದೂ ಅಣ್ಣನದ್ದೇ. ಕೈ ಗ್ಲೌಸಿನೊಳಗೆ ತಿರುಗುತ್ತಿತ್ತು, ಹೊರಗೆ ಗ್ಲೌಸು ಹ್ಯಾಂಡಲಿನ ಮೇಲೆ ತಿರುಗುತ್ತಿತ್ತು. ಗಟ್ಟಿ ಹಿಡಿಯಲು ಅವಳು ಮತ್ತೆ ಅಂಗೈಯನ್ನು ಅಡಿಗೆ ಕೊಡುತ್ತಿದ್ದಳು.

ಬಾಯ್ಸ್ ಸೈಜಿನ ಗ್ಲೌಸ್ ತಂದರು, 650 ರೂಪಾಯಿ. ಹ್ಯಾಂಡಲಿನ ರಬ್ಬರ್ ಗ್ರಿಪ್ ಸವೆದು ನುಣುಪಾಗಿತ್ತು, ಅದನ್ನೂ ಬದಲಿಸಿದೆವು, 100 ರೂಪಾಯಿ. ಎರಡು ಗ್ರಿಪ್ ಮೇಲೆ ಮೇಲೆ ಹಾಕುತ್ತೇನೆ ಎಂದ ಅಂಗಡಿಯವರನ್ನು ಅಕ್ಕ ತಡೆದದ್ದು ಒಳ್ಳೆಯದಾಯಿತು. ಸಣ್ಣ ಕೈಗೆ ಹ್ಯಾಂಡಲ್ ದಪ್ಪವಾದರೆ ಬೆರಳು ಸುತ್ತಿ ಬರುವುದಿಲ್ಲ, ಮತ್ತೆ ಅಂಗೈಯಲ್ಲೇ ಹಿಡಿಯಬೇಕಾಗುತ್ತದೆ. ಎರವಲಿನ ಬ್ಯಾಟು ಹಿಂದಿರುಗಿಸಿ ಕಾಶ್ಮೀರ್ ವಿಲ್ಲೋ ಸೈಜ್ 4 ಕೊಂಡರು, 1,500 ರೂಪಾಯಿ. ಅಂಗಡಿಯಲ್ಲಿ ಇದ್ದವುಗಳಲ್ಲಿ ಹಗುರವಾದದ್ದನ್ನು ತೂಗಿಸಿ ತೆಗೆದುಕೊಳ್ಳಲು ಹೇಳಿದ್ದೆ, 905 ಗ್ರಾಂನದ್ದು ಸಿಕ್ಕಿತು.

ಹೊಸ ಗ್ಲೌಸಿನಲ್ಲಿ ಓವರ್ ಮುಗಿದ ಮೇಲಿನ ಫೋಟೊ: ತುಣುಕುಗಳು ಸಾಲಿನಲ್ಲೇ ಇವೆ.

ಈಗ ಎಲ್ಲಿದೆ

ಫುಲ್ ಚೆಂಡಿಗೆ ಡ್ರೈವ್ ಬಹುಪಾಲು ಬೌಲರ್ ಮತ್ತು ಮಿಡ್ ಆಫ್ ನಡುವೆ ಹೋಗುತ್ತಿದೆ. ಶಾರ್ಟ್ ಚೆಂಡು ಒಂದೆರಡು ಬಂದ ಮೇಲೆ ಕೆಳಗಿನ ಕೈ ಇನ್ನೂ ಸ್ವಲ್ಪ ಜಾರುತ್ತದೆ. ಪ್ರತಿ ಚೆಂಡಿನ ಮೊದಲು ಕೈ ಬಿಟ್ಟು ಪಟ್ಟಿಯ ಮೇಲೆ ಮತ್ತೆ ಹಿಡಿಯುವ ಅಭ್ಯಾಸ ಮಾಡಿಸುತ್ತಿದ್ದೇವೆ.

ಫೋಟೊದಲ್ಲಿ ಕಾಣದ್ದೂ ಇದೆ. ಹಿಡಿತ ಎಷ್ಟು ಬಿಗಿ ಎಂಬುದು ಅಂದಾಜಿಗೆ ಮಾತ್ರ ಸಿಗುತ್ತದೆ, ಬರಿಗೈಯ ಉಗುರು ಬೆಳ್ಳಗಾಗಿದ್ದರೆ ಬಿಗಿ ಎನ್ನಬಹುದು. ಬೌಲರ್ ಓಡಿ ಬರುವಾಗ ಬ್ಯಾಟರ್ ಮಾಡುವ ಸಣ್ಣ ಚಲನೆ ನಿಂತ ಚಿತ್ರದಲ್ಲಿ ಇರುವುದಿಲ್ಲ. ವೆಸ್ಟ್ ಇಂಡೀಸ್‌ನ ಶಿವನಾರಾಯಣ್ ಚಂದರ್‌ಪಾಲ್ ಎದೆಯನ್ನು ಹೆಚ್ಚುಕಡಿಮೆ ಬೌಲರ್ ಕಡೆಗೇ ಮಾಡಿ ನಿಲ್ಲುತ್ತಿದ್ದರು, ಚೆಂಡು ಬರುವ ಹೊತ್ತಿಗೆ ಪಕ್ಕಕ್ಕೆ ತಿರುಗಿ ಎಲ್ಲರಂತೆ ಆಡುತ್ತಿದ್ದರು. ಅವರ ಸ್ಟ್ಯಾನ್ಸಿನ ಒಂದು ಫೋಟೊ ಮಾತ್ರ ಕೊಟ್ಟಿದ್ದರೆ ನಾನೂ ತಿದ್ದಲು ಹೋಗುತ್ತಿದ್ದೆನೇನೋ. ಅದಕ್ಕೇ ಚೆಂಡು ಕೈಬಿಡುವ ಕ್ಷಣದ ಚಿತ್ರವನ್ನೇ ಕೇಳುವುದು.

ಹಳದಿ ಪಟ್ಟಿಯನ್ನು ಹೊಸ ಬ್ಯಾಟಿಗೂ ಅಂಟಿಸಿದ್ದೇವೆ. ಬೆವರಿಗೆ ಅಂಚು ಏಳುತ್ತದೆ, ಹತ್ತು ಹದಿನೈದು ದಿನಕ್ಕೊಮ್ಮೆ ಬದಲಿಸಬೇಕು. ಮುಂದಿನ ಫೋಟೊ ಸುತ್ತು ಅವಳು 4 ಅಡಿ 10 ಅಂಗುಲ ಮುಟ್ಟಿದಾಗ, ಅದಕ್ಕೂ ಮೊದಲು ಡ್ರೈವ್ ಮತ್ತೆ ಲೆಗ್ ಸೈಡಿಗೆ ತಿರುಗಿದರೆ ಆಗಲೇ. ಮೊದಲು ಕೈಗಳ ಫೋಟೊ, ಆಮೇಲೆ ಪಾಯಿಂಟ್ ಕಡೆಯದು, ತಲೆಯದು ಕೊನೆಗೆ.